ದುಃಖ ಎನ್ನದೆ ದುಃಖ ಬರೆಯುವುದು

ಭಾಗಮಂಡಲದಿಂದ ಘಟ್ಟ ಇಳಿದರೆ ಕರಿಕೆ. ಅಲ್ಲಿಂದ ಮುಂದೆ ಕೇರಳದ ಪಾಣತ್ತೂರು. ಅಲ್ಲಿನ ಒಂದು ರಬ್ಬರ್ ತೋಟದ ಮನೆಯಲ್ಲಿ, ಡಿಗ್ರಿ ಓದುವ ಹುಡುಗಿಯೊಬ್ಬಳು ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ತನ್ನ ಮೊದಲ ಕತೆಯ ಕರಡನ್ನು ಓದಲು ಕೊಟ್ಟಳು.

"ಅಪ್ಪ ಹೋದ ಮೇಲೆ ಮನೆಯನ್ನು ದುಃಖ ಆವರಿಸಿತು. ಅಮ್ಮನನ್ನು ಒಂಟಿತನ ಕಾಡತೊಡಗಿತು" ಎಂದು ಕತೆ ಶುರುವಾಗುತ್ತಿತ್ತು. ಈ ಎರಡು ವಾಕ್ಯ ಯಾವ ಊರಿನ ಯಾವ ಮನೆಗೂ ಹೊಂದುತ್ತವೆ. ಅಪ್ಪ ಇಲ್ಲೇ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು ಎಂಬ ಸುಳಿವೇ ಇಲ್ಲ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ತಪ್ಪಿಗೊಂದು ಹೆಸರಿದೆ: ಸ್ವಶಬ್ದವಾಚ್ಯತೆ. ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ಎಂದರ್ಥ. 11ನೇ ಶತಮಾನದ ಕಾಶ್ಮೀರದ ಮಮ್ಮಟ ರಸದೋಷಗಳ ಪಟ್ಟಿಯನ್ನು ಇದರಿಂದಲೇ ಆರಂಭಿಸುತ್ತಾನೆ. ಅದಕ್ಕೂ ಮೊದಲೇ ಆನಂದವರ್ಧನ, ಹೆಸರು ಹೇಳಿದ ಮಾತ್ರಕ್ಕೆ ರಸ ಹುಟ್ಟದು ಎಂದು ವಾದಿಸಿದ್ದ. ಕನ್ನಡದ ಓದುಗರಿಗೆ ಈ ಮೀಮಾಂಸೆ ತೀ.ನಂ.ಶ್ರೀ. ಅವರ 1953ರ ಗ್ರಂಥದಲ್ಲಿ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ನನಗಂತೂ ಕಂಡಿಲ್ಲ. ಏಕೆಂದರೆ ಪದ ಹೊಡೆದುಹಾಕಿದ ಜಾಗದಲ್ಲಿ ಏನಿಡಬೇಕೆಂದೂ ಅದು ಹೇಳುತ್ತದೆ: ಭಾವಕ್ಕೆ ಕಾರಣವಾದ ವಿಭಾವ, ಇಲ್ಲವೇ ಭಾವದಿಂದ ಮೈಯಲ್ಲಿ, ನಡತೆಯಲ್ಲಿ ತೋರುವ ಅನುಭಾವ.

ಹುಡುಗಿ ಮೊದಲು ದುಃಖವನ್ನು ತೆಗೆದು "ಮನೆಯ ಮೇಲೆ ಕಾರ್ಮೋಡ ಕವಿಯಿತು" ಎಂದು ಬರೆದಳು. ಇದು ಚಿತ್ರದಂತೆ ಕಂಡರೂ ಹಳೆಯ ಪದಕ್ಕೆ ತೊಡಿಸಿದ ವೇಷ ಅಷ್ಟೆ. ಕತೆಯೊಳಗೆ ಯಾರೂ ಆ ಮೋಡವನ್ನು ನೋಡಿಲ್ಲ. "ಅಪ್ಪ ಹೋದ ವಾರ ತೋಟದಲ್ಲಿ ಏನಿತ್ತು?" ಎಂದು ಕೇಳಿದೆ. ಆಗ ಬಂದದ್ದು ಹೀಗೆ:

"ಗೆರಟೆಗಳಲ್ಲಿ ಅಪ್ಪ ಕೊನೆಯ ಸಲ ಇಳಿಸಿದ ಹಾಲು ಹೆಪ್ಪುಗಟ್ಟಿ ಕಂದಾಗಿತ್ತು. ಅಮ್ಮ ಈಗಲೂ ರಾತ್ರಿ ಅಪ್ಪನ ಹೆಡ್‌ಲೈಟ್ ಚಾರ್ಜಿಗೆ ಇಡುತ್ತಾಳೆ. ಬೆಳಿಗ್ಗೆ ತೆಗೆದು ಮೊಳೆಗೆ ಸಿಕ್ಕಿಸುತ್ತಾಳೆ."

ಹೆಪ್ಪುಗಟ್ಟಿದ ಹಾಲು ವಿಭಾವ. ಅಮ್ಮನ ಕೈ ಬಿಡದ ರೂಢಿ ಅನುಭಾವ. ಒಂದು ಕಣ್ಣಿಗೆ ಬಿದ್ದದ್ದು, ಇನ್ನೊಂದು ಕೈ ಮಾಡಿದ್ದು. ಇದರ ಬೆನ್ನಿಗೇ ಅವಳು "ಅಷ್ಟು ಒಂಟಿತನ ಅವಳಿಗೆ" ಎಂದೂ ಸೇರಿಸಿದ್ದಳು. ಚಿತ್ರದ ಮೇಲೆ ನಂಬಿಕೆ ಸಾಲದಾಗ ಹೀಗಾಗುತ್ತದೆ. ಆ ಸಾಲನ್ನು ಕೈಯಲ್ಲಿ ಮುಚ್ಚಿ ಓದಿಸಿದೆ, ಏನೂ ಕಡಿಮೆಯಾಗಲಿಲ್ಲ. ಸಾಲು ಹೋಯಿತು. ಮಳೆ, ಖಾಲಿ ಕುರ್ಚಿ, ಮಾಸಿದ ಅಂಗಿಯನ್ನೂ ಸೇರಿಸಲು ಹೊರಟಾಗ ಬೇಡವೆಂದೆ. ಐದು ಚಿತ್ರ ಸಾಲಾಗಿ ನಿಂತರೆ ಹೆಡ್‌ಲೈಟ್ ಓದುಗನ ಮನಸ್ಸಿನಲ್ಲಿ ಉಳಿಯುವುದಿಲ್ಲ.

ಹಾಗೆಂದು ಭಾವದ ಪದಗಳನ್ನೆಲ್ಲ ಕಿತ್ತೆಸೆಯಬೇಕಿಲ್ಲ. ಕತೆಯಲ್ಲಿ ಅಮ್ಮ ಪಕ್ಕದ ಮನೆಯವಳಿಗೆ "ತುಂಬಾ ಬೇಜಾರು ಮಾರಾಯ್ತಿ" ಎನ್ನುತ್ತಾಳೆ. ಅದು ಲೇಖಕಿಯ ವಿವರಣೆಯಲ್ಲ, ಪಾತ್ರದ ಬಾಯಿಮಾತು. ಅದನ್ನು ಹಾಗೇ ಬಿಟ್ಟೆವು. ಕ್ಷಣಿಕವಾದ ಸಂಚಾರಿಭಾವಗಳನ್ನು ಹೆಸರಿಟ್ಟು ಕರೆಯುವುದು ಕೆಲವೆಡೆ ದೋಷವಲ್ಲವೆಂದು ಮಮ್ಮಟನೂ ಒಪ್ಪುತ್ತಾನೆ.