ಲಾಭ ಪುಸ್ತಕದಲ್ಲಿದೆ, ದುಡ್ಡು ಎಲ್ಲಿ?

ಪೀಣ್ಯದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. ಕಳೆದ ವರ್ಷ 10 ಕೋಟಿ ಇದ್ದ ಮಾರಾಟ ಈ ವರ್ಷ 14 ಕೋಟಿಗೆ ಏರಿದೆ. ಬಡ್ಡಿ, ತೆರಿಗೆ ಎಲ್ಲ ಕಳೆದು 1.12 ಕೋಟಿ ಲಾಭ ಉಳಿದಿದೆ. ಆದರೂ ಸಂಬಳದ ದಿನ ಬಂದರೆ ಮಾಲೀಕರು ಬ್ಯಾಂಕಿನ ಓವರ್‌ಡ್ರಾಫ್ಟ್‌ಗೆ ಕೈ ಹಾಕುತ್ತಾರೆ. ಅಕೌಂಟೆಂಟ್ ಮೇಲೆ ಅನುಮಾನ ಪಡಬೇಕಿಲ್ಲ, ಲೆಕ್ಕ ಸರಿಯಾಗಿಯೇ ಇದೆ.

ಲಾಭ ಹುಟ್ಟುವುದು ಬಿಲ್ ಬರೆದ ದಿನ. ದುಡ್ಡು ಬರುವುದು ಗಿರಾಕಿ ಮನಸ್ಸು ಮಾಡಿದ ದಿನ. ಈ ಕಾರ್ಖಾನೆಯ ಗಿರಾಕಿಗಳು ಹಣ ಕೊಡುವುದು 90 ದಿನಕ್ಕೆ. ಅಂದರೆ ವರ್ಷದ ಮಾರಾಟದ ಕಾಲು ಭಾಗ ಯಾವಾಗಲೂ ಹೊರಗೇ ಇರುತ್ತದೆ. ಮೊದಲು 2.5 ಕೋಟಿ ಇದ್ದ ಬಾಕಿ ಈಗ 3.5 ಕೋಟಿ. ಆರ್ಡರ್ ಹೆಚ್ಚಿದ್ದರಿಂದ ಉಕ್ಕು ಮತ್ತು ಅರ್ಧ ತಯಾರಾದ ಮಾಲಿನ ದಾಸ್ತಾನೂ 60 ಲಕ್ಷ ಬೆಳೆದಿದೆ. ಕಚ್ಚಾ ಮಾಲು ಕೊಡುವವರಿಂದ ಸಿಕ್ಕ ಹೆಚ್ಚುವರಿ ಸಾಲ ಬರೀ 20 ಲಕ್ಷ. ಹೀಗೆ 1.40 ಕೋಟಿ ಒಂದೇ ವರ್ಷದಲ್ಲಿ ಸಿಕ್ಕಿಹಾಕಿಕೊಂಡಿತು.

ಈಗ ಫ್ರೀ ಕ್ಯಾಶ್ ಫ್ಲೋ ಲೆಕ್ಕ. 1.12 ಕೋಟಿ ಲಾಭಕ್ಕೆ 40 ಲಕ್ಷ ಸವಕಳಿ ಸೇರಿಸಿ. ಅದು ಪುಸ್ತಕದಲ್ಲಿ ಖರ್ಚು, ಕೈಯಿಂದ ಹೋದ ದುಡ್ಡಲ್ಲ. ಸಿಕ್ಕಿಬಿದ್ದ 1.40 ಕೋಟಿ ಕಳೆದರೆ ಉಳಿಯುವುದು 12 ಲಕ್ಷ. ಹೊಸ ಸಿಎನ್‌ಸಿ ಯಂತ್ರಕ್ಕೆ 70 ಲಕ್ಷ ಕೊಟ್ಟಿದ್ದಾರೆ. ಅಲ್ಲಿಗೆ 58 ಲಕ್ಷ ಕೊರತೆ. ಓವರ್‌ಡ್ರಾಫ್ಟ್ ತುಂಬುತ್ತಿದ್ದದ್ದು ಇದನ್ನೇ.

ಹೆಚ್ಚುವರಿಯಾಗಿ ಮಾರಿದ ಪ್ರತಿ 100 ರೂಪಾಯಿ ಮಾಲಿಗೆ 35 ರೂಪಾಯಿ ಕಟ್ಟಿಹಾಕಬೇಕು, ಲಾಭ ಸಿಗುವುದು 8 ರೂಪಾಯಿ. ಇನ್ನಷ್ಟು ಮಾರಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಹೊಸ ಆರ್ಡರ್ ಹಿಡಿಯುವವರು ಕೊರತೆಯನ್ನೇ ಹಿಗ್ಗಿಸುತ್ತಿರುತ್ತಾರೆ.

ಹಾಗೆಂದು ಕೊರತೆಯೆಲ್ಲ ಕೆಟ್ಟದ್ದಲ್ಲ. ಬಾಕಿಯ ದಿನಗಳನ್ನು ನೋಡಿ. ಮಾರಾಟ ಬೆಳೆದಾಗಲೂ ಅದು 90ರಲ್ಲೇ ನಿಂತಿದ್ದರೆ ಇದು ಬೆಳವಣಿಗೆಯ ಹಸಿವು. ಬೆಳವಣಿಗೆ ನಿಧಾನವಾದಾಗ ದುಡ್ಡು ಉಳಿಯತೊಡಗುತ್ತದೆ. 90 ಇದ್ದದ್ದು 120 ಆಗಿದ್ದರೆ ಗಿರಾಕಿ ಕೊಡಲಾರದವನಾಗಿರಬಹುದು, ಮಾಲು ತಿರಸ್ಕೃತವಾಗಿರಬಹುದು, ಸಾಲದ ಆಸೆ ತೋರಿಸಿಯೇ ಮಾರಾಟ ಏರಿಸಿರಬಹುದು. ಆಗ ಆ ಲಾಭದ ಅಂಕಿಯನ್ನೇ ಅನುಮಾನದಿಂದ ನೋಡಬೇಕು.

ಔಷಧ ಇರುವುದೂ ಈ ದಿನಗಳಲ್ಲೇ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ಚಕ್ರಬಡ್ಡಿ. ದೊಡ್ಡ ಗಿರಾಕಿಯನ್ನು ಕೇಳುವ ಧೈರ್ಯ ಎಷ್ಟು ಮಂದಿಗಿದೆ ಎಂಬುದು ಬೇರೆ ಮಾತು. ಆದರೆ ನಮ್ಮ ಕಾರ್ಖಾನೆಗೆ 45 ದಿನಕ್ಕೇ ಹಣ ಬಂದಿದ್ದರೆ ಬಾಕಿ 1.75 ಕೋಟಿಗೆ ಇಳಿದು, ಅದೇ ವರ್ಷ 58 ಲಕ್ಷ ಕೊರತೆಯ ಜಾಗದಲ್ಲಿ 1.17 ಕೋಟಿ ಕೈಯಲ್ಲಿರುತ್ತಿತ್ತು.