ಉಣ್ಣೆಯ ಕೋಟು ಲಿನನ್ನಿಗೆ ಬಂದಾಗ

ಹಳೆಯ ಉಣ್ಣೆ ಕೋಟಿನ ಕೊಂಬಿನ ಗುಂಡಿ, ಅಂಚಿನ ಕೈಹೊಲಿಗೆ ಹಾಗೆಯೇ ಇರಲಿ, ಬಟ್ಟೆ ಮಾತ್ರ ಲಿನನ್ ಆಗಲಿ ಎಂದರೆ ಮೊದಲು ತೊಡಕಾಗುವುದು ತೋಳು. ಉಣ್ಣೆಯಲ್ಲಿ ತೋಳಿನ ಮೇಲ್ಭಾಗವನ್ನು ಅದು ಕೂರುವ ಸುತ್ತಳತೆಗಿಂತ ಸುಮಾರು 3 ಸೆಂಟಿಮೀಟರ್ ಹೆಚ್ಚು ಕತ್ತರಿಸಿ, ಆ ಹೆಚ್ಚುವರಿಯನ್ನು ಹಬೆ ಇಸ್ತ್ರಿಯಲ್ಲಿ ಅಡಗಿಸುತ್ತಾರೆ. ಲಿನನ್ ಹಬೆಗೆ ಹಾಗೆ ಬಗ್ಗುವುದಿಲ್ಲ. ಅದೇ ಅಳತೆಗೆ ಹೊಲಿದರೆ ಭುಜದಲ್ಲಿ ನೆರಿಗೆ ಏಳುತ್ತದೆ. ಹೆಚ್ಚುವರಿಯನ್ನು ಅರ್ಧಕ್ಕೆ ಇಳಿಸುವುದೇ ದಾರಿ.

ಬಟ್ಟೆಯನ್ನು ಒಗೆದು ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ, ಅಷ್ಟು ಮುತುವರ್ಜಿಯಿಂದ ಹಾಕಿದ ಅಂಚಿನ ಹೊಲಿಗೆ ಸುಕ್ಕುಗಟ್ಟುತ್ತದೆ.

ಇನ್ನು ಗುಂಡಿ. ಅದರ ಭಾರಕ್ಕೆ ತೆಳು ಲಿನನ್ ಜೋತುಬೀಳುತ್ತದೆ. ಒಳಬದಿಗೆ ಪುಟ್ಟ ಚಪ್ಪಟೆ ಗುಂಡಿಯಿಟ್ಟು ಎರಡನ್ನೂ ಒಂದೇ ದಾರದಲ್ಲಿ ಹೊಲಿದರೆ ಎಳೆತವೆಲ್ಲ ಒಳಗುಂಡಿಯ ಪಾಲಾಗಿ, ಬಟ್ಟೆ ಉಳಿಯುತ್ತದೆ.