ಭಾವವರ್ಗಾವಣೆ ಮತ್ತು ಪ್ರತಿವರ್ಗಾವಣೆ: ಚಿಕಿತ್ಸೆಯ ಕೋಣೆಯ ಒಂದು ಪ್ರಸಂಗ

‘ವರ್ಗಾವಣೆ’ ಎಂದೊಡನೆ ನೌಕರನೊಬ್ಬ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಮನೋವಿಶ್ಲೇಷಣೆಯಲ್ಲಿ ಊರು ಬದಲಿಸುವುದು ಭಾವ. ಬಾಲ್ಯದಲ್ಲಿ ತಂದೆ, ತಾಯಿ ಅಥವಾ ಗುರುವಿನ ಬಗೆಗೆ ರೂಪುಗೊಂಡ ಭಯ, ಪ್ರೀತಿ, ಸಿಟ್ಟು, ನಿರೀಕ್ಷೆಗಳು ಇಂದು ಎದುರಿಗೆ ಕುಳಿತ ಚಿಕಿತ್ಸಕನ ಮೇಲೆ ಬಂದು ನೆಲೆಸುತ್ತವೆ. ಇದನ್ನು ಸಿಗ್ಮಂಡ್ ಫ್ರಾಯ್ಡ್ ಜರ್ಮನ್ ಭಾಷೆಯಲ್ಲಿ ‘ಊಬರ್‌ಟ್ರಾಗುಂಗ್’ ಎಂದು ಕರೆದನು. ಇಂಗ್ಲಿಷಿನಲ್ಲಿ ಅದು ‘ಟ್ರಾನ್ಸ್‌ಫರೆನ್ಸ್’ ಆಯಿತು. ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವುದು ಎಂಬುದು ಜರ್ಮನ್ ಪದದ ಮೂಲಾರ್ಥ. ಒಂದು ಭಾಷೆಯ ಬರೆಹವನ್ನು ಇನ್ನೊಂದು ಭಾಷೆಗೆ ತರುವುದಕ್ಕೂ ಆ ಭಾಷೆಯಲ್ಲಿ ಇದೇ ಪದ ಸಲ್ಲುತ್ತದೆ. ಹೀಗಾಗಿ ಸಾಹಿತ್ಯದ ವಿದ್ಯಾರ್ಥಿಗೆ ಈ ಪರಿಕಲ್ಪನೆ ತೀರ ಅಪರಿಚಿತವಲ್ಲ. ಫ್ರಾಯ್ಡನೇ ಇದನ್ನು ಪುಸ್ತಕದ ಮುದ್ರಣಕ್ಕೆ ಹೋಲಿಸಿದ್ದಾನೆ: ಕೆಲವು ಹಳೆಯ ಭಾವಗಳು ಅಕ್ಷರವೂ ಬದಲಾಗದ ಮರುಮುದ್ರಣಗಳು, ಕೆಲವು ಹೊಸ ಸನ್ನಿವೇಶಕ್ಕೆ ತಕ್ಕಂತೆ ತಿದ್ದಿದ ಪರಿಷ್ಕೃತ ಆವೃತ್ತಿಗಳು.

ಈ ಹೋಲಿಕೆ ಬರುವುದು ‘ಡೋರಾ’ ಎಂಬ ಗುಪ್ತನಾಮದ ಯುವತಿಯ ಪ್ರಕರಣದಲ್ಲಿ. 1900ರಲ್ಲಿ, ಹದಿನೆಂಟು ವರ್ಷದ ಆಕೆಯನ್ನು ತಂದೆ ವಿಯೆನ್ನಾದಲ್ಲಿ ಫ್ರಾಯ್ಡನ ಬಳಿಗೆ ಕರೆತಂದನು. ಕುಟುಂಬದ ಸ್ನೇಹಿತನೊಬ್ಬ ತನ್ನ ಮೇಲೆ ಕಣ್ಣು ಹಾಕಿದ್ದಾನೆಂದು ಆಕೆ ದೂರಿದ್ದಳು. ಆತ ಅದನ್ನು ಅಲ್ಲಗಳೆದನು. ತಂದೆಯೂ ಮಗಳ ಮಾತನ್ನು ನಂಬಲಿಲ್ಲ. ಫ್ರಾಯ್ಡ್ ನಂಬಿದನು. ಆದರೂ ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 31ರಂದು, ಇದೇ ತನ್ನ ಕೊನೆಯ ದಿನವೆಂದು ಹೇಳಿ ಆಕೆ ಹೊರಟುಹೋದಳು. ಆ ಸ್ನೇಹಿತನ ಮೇಲಿನ ಸಿಟ್ಟನ್ನು ಆಕೆ ತನ್ನ ಮೇಲೆ ತಂದಿದ್ದಳೆಂಬುದು ಫ್ರಾಯ್ಡನಿಗೆ ಹೊಳೆದದ್ದು ಆಮೇಲೆ. ತನ್ನಲ್ಲಿರುವ ಯಾವುದಾದರೂ ಲಕ್ಷಣ ಆ ಮನುಷ್ಯನನ್ನು ನೆನಪಿಸುತ್ತಿದೆಯೇ ಎಂದು ಸಕಾಲದಲ್ಲಿ ಕೇಳಬೇಕಿತ್ತೆಂದು 1905ರಲ್ಲಿ ಪ್ರಕಟವಾದ ಬರೆಹದಲ್ಲಿ ಅವನು ಒಪ್ಪಿಕೊಂಡಿದ್ದಾನೆ.

ಚಿಕಿತ್ಸಕನ ಮನಸ್ಸಿನಲ್ಲಿಯೂ ಇಂಥದೇ ವ್ಯಾಪಾರ ನಡೆಯುತ್ತದೆ ಎಂಬುದನ್ನು ಫ್ರಾಯ್ಡ್ 1910ರಲ್ಲಿ ಗುರುತಿಸಿ, ಅದಕ್ಕೆ ಪ್ರತಿವರ್ಗಾವಣೆ, ಅಂದರೆ ‘ಕೌಂಟರ್‌ಟ್ರಾನ್ಸ್‌ಫರೆನ್ಸ್’ ಎಂಬ ಅರ್ಥದ ಹೆಸರಿಟ್ಟನು. ಅವನ ದೃಷ್ಟಿಯಲ್ಲಿ ಅದು ಮೀರಬೇಕಾದ ಅಡ್ಡಿ. ನಾಲ್ಕು ದಶಕಗಳ ತರುವಾಯ, 1950ರಲ್ಲಿ, ಲಂಡನ್ನಿನ ಪೌಲಾ ಹೈಮನ್ ಬೇರೊಂದು ವಾದವನ್ನು ಮುಂದಿಟ್ಟಳು. ಚಿಕಿತ್ಸಕನಲ್ಲಿ ಹುಟ್ಟುವ ಭಾವ ಅಡ್ಡಿ ಮಾತ್ರವಲ್ಲ. ಎದುರಿನವನ ಮನಸ್ಸನ್ನು ಅರಿಯುವ ಸಾಧನವೂ ಹೌದು ಎಂಬುದು ಆಕೆಯ ನಿಲುವು. ಇವೆರಡು ಮಾತುಗಳೂ ನಿಜವಾಗಿರುವುದರಿಂದಲೇ ತರಬೇತಿಯಲ್ಲಿರುವವನ ಕಷ್ಟ ಆರಂಭವಾಗುತ್ತದೆ. ತನ್ನಲ್ಲಿ ಎದ್ದ ಭಾವ ತನ್ನದೇ ಹಳೆಯ ಗಂಟೋ, ಎದುರಿನವನು ತಂದಿಟ್ಟ ಸುದ್ದಿಯೋ ಎಂದು ಬೇರ್ಪಡಿಸುವುದು ಹೇಗೆ? ಒಂದು ಕಲ್ಪಿತ ಪ್ರಸಂಗದಿಂದ ಇದನ್ನು ವಿವರಿಸಬಹುದು.

ಸೊಲ್ಲಾಪುರದಂಥ ಎರಡು ಭಾಷೆಗಳ ಊರು. ತರಬೇತಿಯ ಎರಡನೆಯ ವರ್ಷದಲ್ಲಿರುವ ಇಪ್ಪತ್ತೇಳು ವಯಸ್ಸಿನ ಚಿಕಿತ್ಸಕಿ. ಅವಳ ಬಳಿಗೆ ವಾರಕ್ಕೊಮ್ಮೆ, ಐವತ್ತು ನಿಮಿಷದ ಭೇಟಿಗೆ, ನಲವತ್ತು ವಯಸ್ಸಿನ ಗುಮಾಸ್ತನೊಬ್ಬ ಬರುತ್ತಾನೆ. ಮೇಲಧಿಕಾರಿ ಕರೆದರೆ ಅವನ ಗಂಟಲು ಕಟ್ಟುತ್ತದೆ; ಆ ರಾತ್ರಿ ನಿದ್ದೆ ಬರುವುದಿಲ್ಲ. ಅವನ ತಂದೆ ಮರಾಠಿ ಶಾಲೆಯ ಮಾಸ್ತರರು. ಮನೆಮಾತು ಕನ್ನಡವಾದರೂ ಸಂಜೆ ಪಾಠ ಒಪ್ಪಿಸುವುದು ಮಾತ್ರ ಮರಾಠಿಯಲ್ಲಿ. ಎರಡನೆಯ ಭೇಟಿಯಿಂದ ಅವನು ಒಂದು ನೋಟುಬುಕ್ಕು ತರಲಾರಂಭಿಸಿದನು. ಚಿಕಿತ್ಸಕಿ ಬರೆಯಲು ಹೇಳಿರಲಿಲ್ಲ. ವಾರದ ಘಟನೆಗಳನ್ನೆಲ್ಲ ದುಂಡಾದ ಅಕ್ಷರಗಳಲ್ಲಿ, ಶಾಲೆಯ ಮರಾಠಿಯಲ್ಲಿ ಬರೆದು ತಂದು, ಓದುತ್ತ ಓದುತ್ತ ಅವಳ ಮುಖ ನೋಡುವನು.

ಆರನೆಯ ಭೇಟಿಯಲ್ಲಿ ಅವನು ಓದುತ್ತಿರುವಾಗ ಅವಳು ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿದಳು. ಅವನು ನೋಟುಬುಕ್ಕು ಮುಚ್ಚಿ, “ನಿಮಗ ಸಾಕಾಗೇತ್ರಿ ಮೇಡಂ” ಎಂದನು. ಅವಳು ಗಾಬರಿಯಾಗಿ, “ಇಲ್ಲ ಇಲ್ಲ, ಭಾಳ ಛಂದ ಬರದೀರಿ” ಎಂದು ಹೊಗಳಿ, ಹದಿನೈದು ನಿಮಿಷ ಹೆಚ್ಚು ಕೂರಿಸಿಕೊಂಡಳು. ಮುಂದಿನ ವಾರ ಅವನು ಇಪ್ಪತ್ತು ನಿಮಿಷ ತಡವಾಗಿ, ಬರಿಗೈಯಲ್ಲಿ ಬಂದನು. ಏನು ಕೇಳಿದರೂ “ಠೀಕ್ ಆಹೆ” ಎಂಬ ಎರಡೇ ಪದ. ಅರ್ಧ ಗಂಟೆಯ ಬಳಿಕ, ತಾನೂ ಮರಾಠಿಯಲ್ಲಿಯೇ, ಅದೂ ಶಾಲೆಯ ಬಾಯಿಯವರ ಧಾಟಿಯಲ್ಲಿ, ಒಂದಾದ ಮೇಲೊಂದು ಪ್ರಶ್ನೆ ಹಾಕುತ್ತಿರುವುದು ಅವಳ ಅರಿವಿಗೆ ಬಂದಿತು. ಒಳಗೊಳಗೇ ಸಿಟ್ಟು ಬರುತ್ತಿತ್ತು. ಅದರ ಜೊತೆಗೆ ತಪ್ಪು ಮಾಡಿದ ಅಳುಕೂ ಇತ್ತು.

ಅವಳ ಮಾರ್ಗದರ್ಶಕಿ ಈ ಟಿಪ್ಪಣಿಯನ್ನು ಓದಿ ಮೊದಲು ಕೇಳಿದ ಪ್ರಶ್ನೆ ಸರಳವಾದುದು: ಉಳಿದವರಿಗೂ ಹೀಗೆಯೇ ಹದಿನೈದು ನಿಮಿಷ ಹೆಚ್ಚು ಕೊಡುತ್ತೀಯಾ? ಇಲ್ಲವೆಂದಳು. ನಿಯಮವನ್ನು ಒಬ್ಬರಿಗಾಗಿ ಮಾತ್ರ ಸಡಿಲಿಸುವುದು ಪ್ರತಿವರ್ಗಾವಣೆಯ ಬಹು ನಂಬಿಕಸ್ಥ ಗುರುತು. ಒಬ್ಬರ ಭೇಟಿಯ ದಿನ ಮಾತ್ರ ಎದೆ ಭಾರವಾಗುವುದು, ಒಬ್ಬರ ಟಿಪ್ಪಣಿ ಮಾತ್ರ ಬರೆಯದೆ ಉಳಿಯುವುದು ಕೂಡ ಇದೇ ಬಗೆಯ ಗುರುತುಗಳು.

ಆ ಬಳಿಕ ಇಬ್ಬರೂ ಕೂಡಿ ಪ್ರಸಂಗವನ್ನು ಮೂರು ಎಳೆಗಳಾಗಿ ಬಿಡಿಸಿದರು. ಮೊದಲನೆಯದು ನಡೆದ ಸಂಗತಿ: ಅವಳು ಗಡಿಯಾರ ನೋಡಿದ್ದು ನಿಜ, ಅವನು ಊಹಿಸಿಕೊಂಡದ್ದಲ್ಲ. ಎರಡನೆಯದು ಅವಳ ಸ್ವಂತದ್ದು: ಮನೆಯಲ್ಲಿ ಯಾರಾದರೂ ಮಾತು ಬಿಟ್ಟರೆ ಹೇಗಾದರೂ ಸಮಾಧಾನಪಡಿಸುವ ಹೊಣೆ ಹಿರಿಯ ಮಗಳಾದ ಅವಳ ಮೇಲೆಯೇ ಬೀಳುತ್ತಿತ್ತು. ಹೊಗಳಿಕೆಯೂ ಹೆಚ್ಚಿನ ಹದಿನೈದು ನಿಮಿಷವೂ ಅಲ್ಲಿಂದ ಬಂದವು. ಬೇರೆ ಯಾರು ಮುನಿದರೂ ಅವಳು ಹಾಗೆಯೇ ಮಾಡುವಳು. ಮೂರನೆಯದು ಅವನು ತಂದದ್ದು: ಪರೀಕ್ಷಕಿಯಂತೆ ಕುಳಿತು ಅಂಕ ಹಾಕುವ ಭಾವ. ಇದು ಅವಳಿಗೆ ಬೇರೆ ಯಾರೆದುರೂ ಬಂದುದಲ್ಲ. ಆ ಕುರ್ಚಿಯಲ್ಲಿ ಯಾರೇ ಕುಳಿತಿದ್ದರೂ ನೋಟುಬುಕ್ಕು, ಮರಾಠಿ, ಮುಖ ನೋಡುವ ಕಣ್ಣು ಇವು ಅವರನ್ನು ಮಾಸ್ತರರನ್ನಾಗಿ ಮಾಡುತ್ತಿದ್ದವು. ಅವಳು ಅವನಿಗಿಂತ ಚಿಕ್ಕವಳು, ಹೆಂಗಸು ಎಂಬುದು ಇದಕ್ಕೆ ಅಡ್ಡಿಯಾಗಲಿಲ್ಲ. ಭಾವ ಬಂದು ನೆಲೆಸುವುದು ಪಾತ್ರದ ಮೇಲೆ. ವಯಸ್ಸು, ಲಿಂಗ, ರೂಪಗಳ ಹೋಲಿಕೆ ಅದಕ್ಕೆ ಬೇಕೇ ಬೇಕೆಂದಿಲ್ಲ.

ಎರಡನೆಯ ಎಳೆಯನ್ನು ಅವಳು ಚಿಕಿತ್ಸೆಯ ಕೋಣೆಗೆ ಒಯ್ಯುವಂತಿಲ್ಲ. ‘ನಾನೂ ಹಾಗೇ ಬೆಳೆದವಳು’ ಎಂದು ಹೇಳಿಕೊಂಡರೆ ಅವಳ ಭಾರವನ್ನೂ ಅವನೇ ಹೊರಬೇಕಾಗುತ್ತದೆ. ಅದರ ಜಾಗ ಮಾರ್ಗದರ್ಶಕಿಯ ಮುಂದೆ, ಅಥವಾ ಅವಳದೇ ಚಿಕಿತ್ಸೆಯಲ್ಲಿ. ಹಾಗೆಂದು ಮೂರನೆಯ ಎಳೆಯನ್ನು ಕೂಡಲೇ ಎತ್ತಿ, ‘ನೀವು ನನ್ನನ್ನು ನಿಮ್ಮ ತಂದೆಯೆಂದು ಭಾವಿಸಿದ್ದೀರಿ’ ಎನ್ನುವುದೂ ತರವಲ್ಲ. ಆಗ ಅದು ಮಾಸ್ತರರು ಬೋರ್ಡಿನ ಮೇಲೆ ಬರೆದ ಇನ್ನೊಂದು ಸರಿಯುತ್ತರವಾಗುತ್ತದೆ. ಆರಂಭಿಸಬೇಕಾದುದು ಮೊದಲನೆಯ ಎಳೆಯಿಂದ. ಮುಂದಿನ ಭೇಟಿಯಲ್ಲಿ ಅವಳು ಕನ್ನಡದಲ್ಲಿಯೇ, “ಹ್ವಾದ ಸಲ ನೀವು ಓದೂವಾಗ ನಾ ಗಡಿಯಾರ ನೋಡಿದ್ದು ಖರೇ ಐತ್ರಿ. ಆಗ ನಿಮಗ ಏನ ಅನಸ್ತು?” ಎಂದು ಕೇಳಿ ಸುಮ್ಮನಾದಳು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮಪ್ಪ ಪಾಠ ಕೇಳಕೋತ ಕೇಳಕೋತ ಪೇಪರ ಓದಾಕ ಚಾಲೂ ಮಾಡತಿದ್ರು. ತಪ್ಪಾತೋ ಸರಿ ಆತೋ ಗೊತ್ತ ಆಗತಿರಲಿಲ್ಲರಿ” ಎಂದನು. ಈ ಸಂಗತಿಯನ್ನು ಅವನು ಹಿಂದಿನ ಏಳು ಭೇಟಿಗಳಲ್ಲಿ ಹೇಳಿರಲಿಲ್ಲ. ಆಗ ಅವಳು, “ಇಲ್ಲೂ ಹಂಗ ಆತೇನೋ, ಅದಕ್ಕ ಬುಕ್ಕು ಮುಚ್ಚಿದ್ರೇನೋ” ಎಂದು ಸಂಶಯದ ಧ್ವನಿಯಲ್ಲಿ ಅಂದಳು. ಅವನು ಒಡನೆಯೇ, “ಬರೋಬ್ಬರಿ ಮೇಡಂ” ಎಂದನು.

ಹೊಸಬರು ಎಡವುವುದು ಇಲ್ಲಿಯೇ. ಅವನು ಒಪ್ಪಿದನೆಂದು ವ್ಯಾಖ್ಯಾನ ಸರಿಯಾಯಿತೆಂದು ತಿಳಿಯಬಾರದು. ಮಾಸ್ತರರು ಏನು ಹೇಳಿದರೂ ‘ಬರೋಬ್ಬರಿ’ ಎನ್ನುವುದೇ ಅವನ ಕಾಯಿಲೆಯ ರೂಪ. ಆ ಒಪ್ಪಿಗೆಯೂ ಭಾವವರ್ಗಾವಣೆಯ ಭಾಗವಾಗಿರಬಹುದು. ನಿಜವಾದ ಸಾಕ್ಷಿ ಬೇರೆ ಕಡೆಯಿಂದ ಬರುತ್ತದೆ: ಕೇಳದೆಯೇ ಹೊಸ ನೆನಪೊಂದು ಬಂದಿತೇ? ನಡೆ ಬದಲಾಯಿತೇ? ಪೇಪರಿನ ನೆನಪು ಮೊದಲ ಸಾಕ್ಷಿ. ಎರಡನೆಯದು ಮೂರು ವಾರಗಳ ಅನಂತರ ದೊರೆಯಿತು. ಅವಳು ಅವನ ಮಾತನ್ನು ಸಂಕ್ಷೇಪಿಸುತ್ತಿರುವಾಗ ಅವನು ನಡುವೆಯೇ ತಡೆದು, “ಅಲ್ಲರಿ, ಅದು ಹಂಗಲ್ಲ” ಎಂದನು. ಮೇಲಿನವರ ಮಾತನ್ನು ತಡೆಯಲಾರದೆ ಚಿಕಿತ್ಸೆಗೆ ಬಂದವನು ಅದನ್ನು ಮೊದಲ ಸಲ ಆ ಕೋಣೆಯಲ್ಲಿ ಮಾಡಿದನು. ಆ ಗಳಿಗೆಯಲ್ಲಿ ಅವಳ ಕೆಲಸ ತನ್ನ ಸಂಕ್ಷೇಪವನ್ನು ಸಮರ್ಥಿಸದೆ, “ಹಂಗಾರ ಹೆಂಗ?” ಎಂದು ಕೇಳುವುದಷ್ಟೇ.

ಈ ವಿಧಾನಕ್ಕೆ ಮಿತಿಗಳಿವೆ. ವರ್ತನೆ ಮತ್ತು ಆಲೋಚನೆಯ ಅಭ್ಯಾಸಗಳನ್ನು ನೇರವಾಗಿ ತಿದ್ದುವ ಚಿಕಿತ್ಸಾಕ್ರಮಗಳಲ್ಲಿ ಭಾವವರ್ಗಾವಣೆಯನ್ನು ಸಾಮಾನ್ಯವಾಗಿ ವ್ಯಾಖ್ಯಾನಿಸುವುದಿಲ್ಲ. ಅದು ಕೆಲಸಕ್ಕೆ ಅಡ್ಡ ಬಂದಾಗ ಮಾತ್ರ ಎತ್ತಿಕೊಳ್ಳುತ್ತಾರೆ. ನಾಲ್ಕಾರು ಭೇಟಿಗಳ ಸಮಾಲೋಚನೆಯಲ್ಲಿ ಅದನ್ನು ಗಮನಿಸಲು ಸಾಧ್ಯ. ಬಿಡಿಸಿ ಮುಗಿಸಲು ಕಾಲಾವಕಾಶ ಸಾಲದು. ಇವೆರಡಕ್ಕಿಂತ ಗಂಭೀರವಾದುದು ಈ ಪರಿಭಾಷೆಯ ದುರ್ಬಳಕೆ. ಹೈಮನ್‌ಳ ವಾದವನ್ನು ಎಳೆದು, ತನ್ನಲ್ಲಿ ಎದ್ದ ಪ್ರತಿಯೊಂದು ಭಾವವನ್ನೂ ಎದುರಿನವನೇ ಹುಟ್ಟಿಸಿದನೆಂದರೆ ಚಿಕಿತ್ಸಕ ತನ್ನ ಹೊಣೆಯನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ. ಎದುರಿನವನ ಪ್ರತಿಯೊಂದು ದೂರನ್ನೂ ಭಾವವರ್ಗಾವಣೆಯೆಂದರೆ ನ್ಯಾಯವಾದ ದೂರಿಗೆ ಜಾಗವೇ ಉಳಿಯುವುದಿಲ್ಲ. ಡೋರಾಳ ಪ್ರಕರಣವನ್ನು ಮುಂದೆ ಓದಿದ ಅನೇಕರು ಎತ್ತಿದ ಆಕ್ಷೇಪವೂ ಇದೇ: ಹಿರಿಯರು ಅವಳಿಗೆ ನಿಜವಾಗಿಯೇ ಅನ್ಯಾಯ ಮಾಡಿದ್ದರು, ಅವಳ ಹೇಳಿಕೆಯನ್ನು ನಂಬಿದ ವೈದ್ಯನೂ ಅವಳ ಸಿಟ್ಟಿಗಿಂತ ಅವಳ ಗುಪ್ತ ಆಸೆಗಳ ಹುಡುಕಾಟಕ್ಕೇ ಹೆಚ್ಚು ಬೆಲೆ ಕೊಟ್ಟನು. ಗಡಿಯಾರ ನೋಡಿದ್ದು ನಿಜವೆಂದು ಮೊದಲು ಒಪ್ಪಿಕೊಳ್ಳುವುದು ಇದಕ್ಕಾಗಿಯೇ. ಆ ಒಪ್ಪಿಗೆ ಸಿಕ್ಕಿದ್ದರಿಂದಲೇ ಗುಮಾಸ್ತನಿಗೆ ಪೇಪರು ಓದುತ್ತಿದ್ದ ತಂದೆಯ ನೆನಪನ್ನು ಹೊರತೆಗೆಯುವುದು ಸಾಧ್ಯವಾಯಿತು.